ಸ್ಟ್ರಿಪ್ ಮೇಲಿನ ತಿಂಗಳು, ಸೆಲ್ ಒಳಗಿನ ತಾರೀಖು

ಸಿಂಧನೂರಿನಲ್ಲಿ ನಮ್ಮ ಕಾಕಾ ಅವರದ್ದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ನಾನು ಡಿ.ಫಾರ್ಮ್ ಮುಗಿಸಿದ ಮೇಲೆ ಅಲ್ಲೇ ಕೂತಿದ್ದೇನೆ. 2025ರ ಅಕ್ಟೋಬರ್ ಮೊದಲ ವಾರ ಒಬ್ಬ ರೈತರು ಮಗುವಿಗೆ ಕೆಮ್ಮಿನ ಔಷಧಿ ತಗೊಳ್ಳಲು ಬಂದರು. ಚೀಟಿ ನೋಡಿ ನಮ್ಮ ಅಂಗಡಿ ಹುಡುಗ ರ‍್ಯಾಕ್‌ನಿಂದ ಬಾಟಲಿ ತೆಗೆದುಕೊಟ್ಟ. ಅವರು ದುಡ್ಡು ಕೊಡುವ ಮೊದಲು ಬಾಟಲಿ ತಿರುಗಿಸಿ ನೋಡಿದರು. "ಅಕ್ಕಾರ, ಇದು ಹೋದ ತಿಂಗಳಿಗೇ ಮುಗಿದೈತಲ್ರೀ" ಅಂದರು. ಬಾಟಲಿ ಮೇಲೆ 09/2025 ಅಂತಿತ್ತು. ನಾನು ಕ್ಷಮೆ ಕೇಳಿ ಬೇರೆ ಬಾಟಲಿ ಕೊಟ್ಟೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಓದಲು ಬಾರದವರಾಗಿದ್ದರೆ ಆ ಬಾಟಲಿ ಮಗುವಿನ ಕೈಗೆ ಹೋಗಿರುತ್ತಿತ್ತು.

ನಮ್ಮಲ್ಲಿ ಸ್ಟಾಕ್ ಲೆಕ್ಕ ಇರಲಿಲ್ಲ ಅಂತಲ್ಲ. ಕಾಕಾ ವರ್ಷಗಳಿಂದ ದಪ್ಪ ರಿಜಿಸ್ಟರ್‌ನಲ್ಲಿ ಬರೆಯುತ್ತಾ ಬಂದಿದ್ದಾರೆ. ಪ್ರತಿ ಬ್ಯಾಚ್‌ಗೂ ಒಂದು ಸಾಲು, ಪಕ್ಕದಲ್ಲಿ ಎಕ್ಸ್‌ಪೈರಿ. ಆದರೆ ಪುಸ್ತಕ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾರಾದರೂ ಕೂತು ಮುನ್ನೂರು ಸಾಲು ಓದಬೇಕು. ಗದ್ದೆಗೆ ಔಷಧಿ ಹೊಡೆಯುವ ದಿನಗಳು, ಮಳೆ ಜ್ವರದ ದಿನಗಳು ಬಂದರೆ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಹಳೇ ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಶೀಟ್ ಮಾಡೋಣ, ಮುಗಿಯುತ್ತಾ ಬಂದದ್ದು ಮತ್ತು ಕಡಿಮೆಯಾದದ್ದು ತಾನೇ ಬಣ್ಣ ಬದಲಿಸಲಿ ಅಂತ ನಿರ್ಧಾರ ಮಾಡಿದೆ. ಬಣ್ಣ ಹಚ್ಚುವ ರೂಲ್ ಬರೆಯಲು ಹತ್ತು ನಿಮಿಷ ಸಾಕಾಯಿತು. ಆ ಬಣ್ಣವನ್ನು ನಂಬುವ ಹಾಗೆ ಮಾಡಲು ಹದಿನೈದು ದಿನ ಬೇಕಾಯಿತು. ಆ ಹದಿನೈದು ದಿನದ ಕಥೆಯೇ ಇದು.

ಶೀಟ್ ಸರಳವಾಗಿತ್ತು. A ಕಾಲಂನಲ್ಲಿ ಔಷಧಿ ಹೆಸರು, B ಯಲ್ಲಿ ಬ್ಯಾಚ್ ನಂಬರ್, C ಯಲ್ಲಿ ಎಕ್ಸ್‌ಪೈರಿ, D ಯಲ್ಲಿ ಉಳಿದಿರುವ ಸ್ಟ್ರಿಪ್, E ಯಲ್ಲಿ ಕನಿಷ್ಠ ಎಷ್ಟು ಇರಬೇಕು ಅನ್ನುವ ಸಂಖ್ಯೆ. ಒಂದೇ ಔಷಧಿ ಮೂರು ಬ್ಯಾಚ್‌ನಲ್ಲಿ ಇದ್ದರೆ ಮೂರು ಸಾಲು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ನಾನು ಮತ್ತು ಹುಡುಗ ಕೂತು, ಅವನು ಓದಿ ಹೇಳಿದ ಹಾಗೆ ಟೈಪ್ ಮಾಡುತ್ತಾ ಹೋದೆ. ಸ್ಟ್ರಿಪ್ ಮೇಲೆ ಹೇಗಿದೆಯೋ ಹಾಗೇ, ಆದರೆ ಬೇಗ ಆಗಲಿ ಅಂತ ವರ್ಷದ ಎರಡೇ ಅಂಕಿ: 11/26, 03/27, 12/25.

ಆಮೇಲೆ A2 ಯಿಂದ E400 ವರೆಗೆ ಸೆಲೆಕ್ಟ್ ಮಾಡಿದೆ. Home ಟ್ಯಾಬ್‌ನಲ್ಲಿ Conditional Formatting, ಅದರಲ್ಲಿ New Rule, ಅಲ್ಲಿ ಕೊನೆಯ ಆಯ್ಕೆ Use a formula to determine which cells to format. ಆ ಖಾಲಿ ಜಾಗದಲ್ಲಿ ಈ ಸಾಲು ಬರೆದು, Format ಒತ್ತಿ ಕೆಂಪು ಬಣ್ಣ ಆರಿಸಿದೆ:

```
=C2<TODAY()
```

TODAY() ಅಂದರೆ ಇವತ್ತಿನ ತಾರೀಖು. ಶೀಟ್ ತೆರೆದಾಗಲೆಲ್ಲ ಅದು ತಾನೇ ಹೊಸದಾಗುತ್ತದೆ. ಎಕ್ಸ್‌ಪೈರಿ ಇವತ್ತಿಗಿಂತ ಹಿಂದೆ ಇದ್ದರೆ ಕೆಂಪಾಗಬೇಕು, ಅಷ್ಟೇ. ಆದರೆ OK ಒತ್ತಿದ ಕೂಡಲೇ ಹೆಸರಿನ ಕಾಲಂ ಬಿಟ್ಟು ಉಳಿದ ಶೀಟೆಲ್ಲ ಕೆಂಪಾಯಿತು. ಮೊನ್ನೆ ಬಂದ ಹೊಸ ಸರಕಿನ ಸಾಲು ಕೂಡ.

ಪಕ್ಕದಲ್ಲಿ ನಿಂತಿದ್ದ ಕಾಕಾ ಗಾಬರಿಯಾದರು. "ಏನವ್ವಾ ಇದು, ಅಂಗಡಿ ಪೂರ್ತಿ ಎಕ್ಸ್‌ಪೈರಿ ಆಗೇತೇನು?" ಅಂದರು.

ಕಾರಣ ಡಾಲರ್ ಚಿಹ್ನೆ. ರೂಲ್‌ನಲ್ಲಿ C2 ಅಂತ ಸುಮ್ನೆ ಬರೆದರೆ ಅದು A2 ಸೆಲ್‌ಗೆ ಮಾತ್ರ C2. ಒಂದು ಸೆಲ್ ಬಲಕ್ಕೆ ಹೋದರೆ ಫಾರ್ಮುಲಾ ಕೂಡ ಬಲಕ್ಕೆ ಸರಿಯುತ್ತದೆ. B2 ಸೆಲ್ D2 ಅನ್ನು ನೋಡುತ್ತದೆ, ಅಂದರೆ ಸ್ಟ್ರಿಪ್ ಸಂಖ್ಯೆಯನ್ನು. ಎಕ್ಸೆಲ್‌ಗೆ ತಾರೀಖು ಅಂದರೆ ಒಳಗೊಳಗೆ ಒಂದು ಸಂಖ್ಯೆ ಅಷ್ಟೇ. 2025ರ ಅಕ್ಟೋಬರ್ 14 ಅದರ ಲೆಕ್ಕದಲ್ಲಿ 45944. ಎಂಟು ಸ್ಟ್ರಿಪ್ ಅನ್ನುವ 8 ಯಾವಾಗಲೂ 45944ಕ್ಕಿಂತ ಕಡಿಮೆಯೇ ಅಲ್ವಾ? ಅದಕ್ಕೇ ಎಲ್ಲವೂ ಕೆಂಪು. $C2 ಅಂತ ಬರೆದಾಗ C ಕಾಲಂ ಗಟ್ಟಿಯಾಗಿ ನಿಂತಿತು, ಸಾಲಿನ ಸಂಖ್ಯೆ ಮಾತ್ರ ಕೆಳಗೆ ಸರಿಯುತ್ತಾ ಹೋಯಿತು. ಇನ್ನೊಂದು ಸಲ ನಾನು A1 ನಿಂದ ಸೆಲೆಕ್ಟ್ ಮಾಡಿ ಫಾರ್ಮುಲಾದಲ್ಲಿ $C2 ಅಂತಲೇ ಬಿಟ್ಟೆ. ಆಗ ಬಣ್ಣ ಸರಿಯಾದ ಸಾಲಿನ ಬದಲು ಅದರ ಮೇಲಿನ ಸಾಲಿಗೆ ಬಿತ್ತು. ಇದು ತುಂಬಾ ಅಪಾಯದ ತಪ್ಪು, ಯಾಕೆಂದರೆ ನೋಡಲು ಎಲ್ಲ ಸರಿಯಾಗಿರುವ ಹಾಗೇ ಕಾಣುತ್ತದೆ. ಸೆಲೆಕ್ಟ್ ಮಾಡಿದ ಮೊದಲ ಸಾಲಿನ ಸಂಖ್ಯೆಯೂ ಫಾರ್ಮುಲಾದಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು.

ಡಾಲರ್ ಸರಿ ಮಾಡಿದ ಮೇಲೂ ಕೆಂಪು ಜಾಸ್ತಿಯೇ ಇತ್ತು. ಕೆಳಗಿನ ಖಾಲಿ ಸಾಲುಗಳು ಕೆಂಪಾಗಿದ್ದವು. ಖಾಲಿ ಸೆಲ್ ಎಕ್ಸೆಲ್‌ಗೆ ಸೊನ್ನೆ, ಸೊನ್ನೆ ಇವತ್ತಿಗಿಂತ ಹಿಂದೆ. ಅದು ಅರ್ಥವಾಯಿತು. ಆದರೆ 03/27 ಅಂತ ಟೈಪ್ ಮಾಡಿದ ಸೆಟಿರಿಜಿನ್ ಯಾಕೆ ಕೆಂಪು? ಅದಕ್ಕೆ ಇನ್ನೂ ಒಂದೂವರೆ ವರ್ಷ ಇದೆ.

ಆ ಸೆಲ್ ಮೇಲೆ ಕ್ಲಿಕ್ ಮಾಡಿ ನೋಡಿದೆ. ಸೆಲ್‌ನಲ್ಲಿ 27-Mar ಅಂತಿತ್ತು. ಮೇಲೆ ಫಾರ್ಮುಲಾ ಬಾರ್‌ನಲ್ಲಿ 3/27/2025 ಅಂತಿತ್ತು. ನಮ್ಮ ಕಂಪ್ಯೂಟರ್‌ನ ತಾರೀಖು ಪದ್ಧತಿ ಅಮೆರಿಕದ್ದು, ತಿಂಗಳು ಮೊದಲು, ದಿನ ಆಮೇಲೆ. ನಾನು 2027ರ ಮಾರ್ಚ್ ಅಂದುಕೊಂಡು ಬರೆದದ್ದನ್ನು ಅದು ಈ ವರ್ಷದ ಮಾರ್ಚ್ 27 ಅಂತ ಓದಿಕೊಂಡಿತ್ತು. ನನ್ನ ಕಣ್ಣು 27-Mar ನೋಡಿ ಇಪ್ಪತ್ತೇಳನೇ ಇಸವಿಯ ಮಾರ್ಚ್ ಅಂತಲೇ ಓದಿತ್ತು. ಅದಕ್ಕೇ ಮುನ್ನೂರು ಸಾಲು ಟೈಪ್ ಮಾಡುವಾಗ ಒಮ್ಮೆಯೂ ಅನುಮಾನ ಬರಲಿಲ್ಲ. ಬಣ್ಣ ಬರದಿದ್ದರೆ ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ.

ಮುನ್ನೂರು ಸಾಲನ್ನು ಮತ್ತೆ ಟೈಪ್ ಮಾಡುವ ಧೈರ್ಯ ನನಗಿರಲಿಲ್ಲ. ಸ್ವಲ್ಪ ಯೋಚಿಸಿದಾಗ ದಾರಿ ಹೊಳೆಯಿತು. ಎಕ್ಸೆಲ್ ದಿನ ಅಂದುಕೊಂಡದ್ದೇ ನಿಜವಾದ ವರ್ಷ. ಅದು ಕಳೆದುಹೋಗಿಲ್ಲ, ತಪ್ಪು ಜಾಗದಲ್ಲಿ ಕೂತಿದೆ ಅಷ್ಟೇ. ಖಾಲಿ ಕಾಲಂ ಒಂದರಲ್ಲಿ ಹೀಗೆ ಬರೆದು ಕೊನೆಯ ಔಷಧಿಯ ಸಾಲಿನ ತನಕ ಎಳೆದೆ:

```
=IF(DAY(C2)=1,C2,DATE(2000+DAY(C2),MONTH(C2),1))
```

ದಿನ 27 ಇದ್ದರೆ ಅದಕ್ಕೆ 2000 ಕೂಡಿಸಿ 2027 ಮಾಡು, ತಿಂಗಳು ಇದ್ದ ಹಾಗೇ ಇರಲಿ, ದಿನ 1 ಇರಲಿ. ಮೊದಲೇ ಸರಿಯಾಗಿ ಕೂತಿರುವ ತಾರೀಖುಗಳಲ್ಲಿ ದಿನ 1 ಇರುತ್ತದೆ, ಅವನ್ನು ಮುಟ್ಟಬೇಡ. ಬಂದ ಉತ್ತರವನ್ನು ಕಾಪಿ ಮಾಡಿ, Paste Special ನಲ್ಲಿ Values ಆರಿಸಿ C ಕಾಲಂ ಮೇಲೆ ಹಾಕಿದೆ. ಆಮೇಲೆ ಆ ಕಾಲಂನ ಫಾರ್ಮ್ಯಾಟ್ ಅನ್ನು mm-yyyy ಅಂತ ಬದಲಿಸಿದೆ. ಈಗ 03-2027 ಅಂತ ಕಾಣುತ್ತದೆ, ಯಾರೂ ಬೇರೆ ಥರ ಓದುವ ಹಾಗಿಲ್ಲ. ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ. ವರ್ಷವನ್ನು ನಾಲ್ಕೂ ಅಂಕಿ ಬರೆಯಬೇಕು. 03/2027 ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು 2027ರ ಮಾರ್ಚ್ 1 ಅಂತ ಸರಿಯಾಗಿ ತಗೊಳ್ಳುತ್ತದೆ.

ಮಾರ್ಚ್ 1. ಅಲ್ಲೇ ಮುಂದಿನ ತೊಡಕು. ಔಷಧಿ ಮೇಲೆ 03/2027 ಅಂತಿದ್ದರೆ ಆ ತಿಂಗಳ ಕೊನೆಯ ದಿನದವರೆಗೂ ಬಳಸಬಹುದು ಅಂತ ಅರ್ಥ. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲೂ ಹಾಗೇ ಇದೆ, ಡಿ.ಫಾರ್ಮ್‌ನಲ್ಲಿ ಓದಿದ್ದೆ. ಎಕ್ಸೆಲ್ ಮಾತ್ರ ಮಾರ್ಚ್ 2ಕ್ಕೇ ಅದನ್ನು ಕೆಂಪು ಮಾಡಿಬಿಡುತ್ತದೆ. ಮೂವತ್ತು ದಿನ ಮಾರಬಹುದಾದ ಸರಕು ಸುಮ್ನೆ ಪಕ್ಕಕ್ಕೆ ಹೋಗುತ್ತದೆ. ಒಂದು ದುಬಾರಿ ಇನ್ಸುಲಿನ್ ಹೀಗೆ ಪಕ್ಕಕ್ಕೆ ಹೋದರೆ ಸಣ್ಣ ಅಂಗಡಿಗೆ ಅದು ಸಣ್ಣ ಮೊತ್ತವಲ್ಲ.

ಹಾಗಾಗಿ F ಕಾಲಂ ಸೇರಿಸಿದೆ. ಅದರ ತಲೆಯ ಮೇಲೆ "ಕೊನೆಯ ದಿನ" ಅಂತ ಬರೆದೆ. F2 ನಲ್ಲಿ ಹೀಗೆ ಬರೆದು F400 ವರೆಗೆ ಎಳೆದೆ:

```
=IF(C2="","",EOMONTH(C2,0))
```

EOMONTH ಅಂದರೆ ಆ ತಿಂಗಳ ಕೊನೆಯ ತಾರೀಖು. ಫೆಬ್ರವರಿಗೆ 28ರೋ 29ರೋ ಅದೇ ನೋಡಿಕೊಳ್ಳುತ್ತದೆ. ಮೊದಲು ಹಾಕಿದಾಗ 45930 ಅಂತ ಒಂದು ಸಂಖ್ಯೆ ಕಂಡು ಹೆದರಿದೆ. ಅದು ತಪ್ಪಲ್ಲ, 2025ರ ಸೆಪ್ಟೆಂಬರ್ 30ರ ಒಳಗಿನ ಸಂಖ್ಯೆ. ಕಾಲಂ ಅನ್ನು Date ಫಾರ್ಮ್ಯಾಟ್‌ಗೆ ಬದಲಿಸಿದರೆ ತಾರೀಖಾಗಿ ಕಾಣುತ್ತದೆ. C ಖಾಲಿ ಇದ್ದರೆ F ಕೂಡ ಖಾಲಿ ಕಾಣುವ ಹಾಗೆ ಮಾಡಿದ್ದರಿಂದ ಖಾಲಿ ಸಾಲು ಕೆಂಪಾಗುವ ಕಾಟವೂ ತಪ್ಪಿತು.

ಇದಕ್ಕೊಂದು ಅಪವಾದ ಇದೆ. ನಮ್ಮಲ್ಲಿ ಮಕ್ಕಳ ಹಾಲಿನ ಪುಡಿಯೂ ಇದೆ. ಅದರ ಡಬ್ಬಿ ಮೇಲೆ ದಿನವೂ ಸೇರಿ ಪೂರ್ತಿ ತಾರೀಖು ಇದ್ದರೆ ಅದನ್ನು ತಿಂಗಳ ಕೊನೆಗೆ ತಳ್ಳಬಾರದು. ಅಂಥ ಸಾಲುಗಳಲ್ಲಿ F ನ ಫಾರ್ಮುಲಾ ಅಳಿಸಿ ಪೂರ್ತಿ ತಾರೀಖನ್ನೇ ಕೈಯಿಂದ ಬರೆಯುತ್ತೇನೆ.

ಹಳೇ ರೂಲ್ ತೆಗೆದು, ಈಗ A2 ಯಿಂದ F400 ವರೆಗೆ ಸೆಲೆಕ್ಟ್ ಮಾಡಿ ಹೊಸ ಕೆಂಪು ರೂಲ್ ಬರೆದೆ:

```
=AND($D2>0,$F2<TODAY())
```

D ಸೊನ್ನೆಗಿಂತ ಜಾಸ್ತಿ ಇರಬೇಕು ಅಂತ ಯಾಕೆ ಸೇರಿಸಿದೆ ಅಂದರೆ, ಪೂರ್ತಿ ಮಾರಿ ಮುಗಿದ ಬ್ಯಾಚ್ ಕೆಂಪಾಗಿ ಏನೂ ಪ್ರಯೋಜನವಿಲ್ಲ. ರ‍್ಯಾಕ್‌ನಲ್ಲಿ ಇರುವುದನ್ನಷ್ಟೇ ತೋರಿಸಬೇಕು. ಕೊನೆಯ ದಿನವೇ ಇವತ್ತು ಆಗಿದ್ದರೆ ಕೆಂಪಾಗುವುದಿಲ್ಲ, ನಾಳೆ ಬೆಳಿಗ್ಗೆ ಆಗುತ್ತದೆ. ಅದೇ ಸರಿ.

ಮುಗಿಯುತ್ತಾ ಬಂದದ್ದಕ್ಕೆ ಹಳದಿ. ನಮ್ಮ ಸ್ಟಾಕಿಸ್ಟ್ ವಾಪಸ್ ತಗೊಳ್ಳಬೇಕಾದರೆ ಮೂರು ತಿಂಗಳು ಮುಂಚೆ ಹೇಳಿ ಅನ್ನುತ್ತಾರೆ. ಹಾಗಾಗಿ 90 ದಿನ. ಆ 90 ಅನ್ನು ಫಾರ್ಮುಲಾದ ಒಳಗೆ ಬರೆಯದೆ I1 ಸೆಲ್‌ನಲ್ಲಿ ಬರೆದೆ. ಬದಲಿಸಬೇಕಾದರೆ ರೂಲ್ ತೆರೆಯುವುದು ಬೇಡ:

```
=AND($D2>0,$F2<=TODAY()+$I$1)
```

ಹಾಕಿದ ಕೂಡಲೇ ಕೆಂಪು ಸಾಲುಗಳೆಲ್ಲ ಹಳದಿಯಾದವು. ಒಂದೂ ಕೆಂಪಿಲ್ಲ. ಯಾಕೆಂದರೆ ಹೊಸದಾಗಿ ಮಾಡಿದ ರೂಲ್ ಯಾವಾಗಲೂ ಪಟ್ಟಿಯ ಮೇಲಕ್ಕೆ ಹೋಗಿ ಕೂರುತ್ತದೆ. ಮುಗಿದುಹೋದ ಔಷಧಿ ಕೂಡ "90 ದಿನದೊಳಗೆ" ಅನ್ನುವ ಲೆಕ್ಕಕ್ಕೆ ಬರುತ್ತದೆ. ಒಂದೇ ಸೆಲ್‌ಗೆ ಎರಡು ರೂಲ್ ಬೇರೆ ಬೇರೆ ಬಣ್ಣ ಹೇಳಿದರೆ ಮೇಲಿನದ್ದೇ ಗೆಲ್ಲುತ್ತದೆ. Manage Rules ತೆರೆದು, ಕೆಂಪು ರೂಲ್ ಆರಿಸಿ, ಮೇಲ್ಮುಖದ ಬಾಣ ಒತ್ತಿ ಅದನ್ನು ಮೊದಲ ಸ್ಥಾನಕ್ಕೆ ತಂದೆ. ಅಕ್ಟೋಬರ್ 14ರಂದು 90 ದಿನ ಕೂಡಿಸಿದರೆ ಜನವರಿ 12. ಹಾಗಾಗಿ 12-2025ರ ಸರಕು ಹಳದಿ, 01-2026ರದ್ದು ಇನ್ನೂ ಬಿಳಿ. ಅದು ಹಳದಿ ಆಗಿದ್ದು ನವೆಂಬರ್ 2ಕ್ಕೆ. ಆ ದಿನ ಕಾದು ನೋಡಿದೆ, ಸರಿಯಾಗಿ ಆಯಿತು.

ಇಷ್ಟಾದ ಮೇಲೂ ನಾನು ಶೀಟನ್ನು ನಂಬಲಿಲ್ಲ. ರ‍್ಯಾಕ್‌ನಿಂದ ಇಪ್ಪತ್ತು ಸ್ಟ್ರಿಪ್ ತೆಗೆದು ಒಂದೊಂದನ್ನೂ ಶೀಟ್ ಜೊತೆ ಹೋಲಿಸಿದೆ. ಎರಡು ತಪ್ಪು ಸಿಕ್ಕವು. ಎರಡೂ ಆಮೇಲೆ ಹುಡುಗ ಟೈಪ್ ಮಾಡಿದವು. ಒಂದರಲ್ಲಿ 31.08.2025 ಅಂತ ಚುಕ್ಕೆ ಹಾಕಿ ಬರೆದಿದ್ದ, ನಾವು ಕಾಗದದ ಮೇಲೆ ಬರೆಯುವ ಹಾಗೆ. ನಮ್ಮ ಎಕ್ಸೆಲ್‌ಗೆ ಅದು ತಾರೀಖಲ್ಲ, ಬರೀ ಅಕ್ಷರ. ಈಗ F ಕಾಲಂ ಇರುವುದರಿಂದ ಅಲ್ಲಿ #VALUE! ಅಂತ ಬಂದು ಸಿಕ್ಕಿಬಿತ್ತು. ಮೊದಲಿನ ಹಾಗೆ C ಯನ್ನೇ ನೇರವಾಗಿ ನೋಡುವ ರೂಲ್ ಇದ್ದಿದ್ದರೆ ಏನಾಗುತ್ತಿತ್ತು? ಎಕ್ಸೆಲ್ ಹೋಲಿಸುವಾಗ ಅಕ್ಷರ ಯಾವಾಗಲೂ ಸಂಖ್ಯೆಗಿಂತ ದೊಡ್ಡದು. ಅಂದರೆ ಆ ಔಷಧಿ ಎಂದಿಗೂ ಕೆಂಪಾಗುತ್ತಿರಲಿಲ್ಲ. ಆಗಸ್ಟ್‌ಗೇ ಮುಗಿದ ಸರಕು ಬಿಳಿಯಾಗಿ, ಒಳ್ಳೆಯ ಸರಕಿನ ಹಾಗೆ ಕೂತಿರುತ್ತಿತ್ತು. ಸುಳ್ಳು ಕೆಂಪಿಗಿಂತ ಸುಳ್ಳು ಬಿಳಿ ನನಗೆ ಹೆಚ್ಚು ಭಯ. ಕೆಂಪಾದರೆ ಯಾರಾದರೂ ಎದ್ದು ಹೋಗಿ ನೋಡುತ್ತಾರೆ, ಬಿಳಿಯನ್ನು ಯಾರೂ ನೋಡುವುದಿಲ್ಲ.

ಕಣ್ಣಿಗೆ ಒಂದು ಗುರುತು ಇದೆ. ಸೆಲ್‌ನ ಅಲೈನ್‌ಮೆಂಟ್ ಮುಟ್ಟದೆ ಬಿಟ್ಟರೆ ನಿಜವಾದ ತಾರೀಖು ಬಲಕ್ಕೆ ಅಂಟಿಕೊಳ್ಳುತ್ತದೆ, ಅಕ್ಷರ ಎಡಕ್ಕೆ. ನಾನು ಶೀಟ್ ಚೆಂದ ಕಾಣಲಿ ಅಂತ ಎಲ್ಲವನ್ನೂ ನಡುವೆ ತಂದಿದ್ದೆ, ಆ ಗುರುತು ಮುಚ್ಚಿಹೋಗಿತ್ತು. ಈಗ C ಕಾಲಂ ಅನ್ನು ಹಾಗೇ ಬಿಟ್ಟಿದ್ದೇನೆ.

ಎರಡನೆಯ ತಪ್ಪು 11.2026 ಅಂತ ಬರೆದದ್ದು. ಅದು ಹನ್ನೊಂದು ದಶಮಾಂಶ ಎರಡು ಸೊನ್ನೆ ಎರಡು ಆರು ಅನ್ನುವ ಸಂಖ್ಯೆಯಾಗಿ, 1900ನೇ ಇಸವಿಯ ಜನವರಿ ಅಂತ ಲೆಕ್ಕಕ್ಕೆ ಬಂದಿತ್ತು. ಅದು ಕೆಂಪಾಗಿತ್ತು, ಹಾಗಾಗಿ ಸಿಕ್ಕಿತು.

ಹುಡುಗನನ್ನು ಬೈದು ಉಪಯೋಗವಿಲ್ಲ. ಅವನು ಸ್ಟ್ರಿಪ್ ನೋಡಿ ಬರೆಯುತ್ತಾನೆ, ಒಂದೊಂದು ಕಂಪನಿ ಒಂದೊಂದು ಥರ ಅಚ್ಚು ಹಾಕಿರುತ್ತದೆ. ತಪ್ಪಾಗಿ ಬರೆಯಲು ಶೀಟೇ ಬಿಡಬಾರದು. C2 ಯಿಂದ C400 ಸೆಲೆಕ್ಟ್ ಮಾಡಿ, Data ಟ್ಯಾಬ್‌ನಲ್ಲಿ Data Validation ತೆರೆದು, Allow ಅನ್ನುವಲ್ಲಿ Custom ಆರಿಸಿ ಈ ಸಾಲು ಹಾಕಿದೆ:

```
=AND(ISNUMBER(C2),C2>DATE(2000,1,1),DAY(C2)=1)
```

ಬರೆದದ್ದು ಸಂಖ್ಯೆಯಾಗಿರಬೇಕು, 2000ನೇ ಇಸವಿಯಿಂದ ಈಚಿನದ್ದಾಗಿರಬೇಕು, ಅದರ ದಿನ 1 ಆಗಿರಬೇಕು. 03/2027 ಮಾತ್ರ ಒಳಗೆ ಹೋಗುತ್ತದೆ. 03/27 ಬರೆದರೆ ದಿನ 27, ಬಾಗಿಲು ಹಾಕುತ್ತದೆ. ಚುಕ್ಕೆ ಹಾಕಿದರೂ ಹಾಕುತ್ತದೆ. Error Alert ನಲ್ಲಿ ಕನ್ನಡದಲ್ಲೇ "ತಿಂಗಳು/ಪೂರ್ತಿ ವರ್ಷ ಬರೆಯಿರಿ, ಉದಾ: 03/2027" ಅಂತ ಬರೆದಿಟ್ಟೆ. ಒಂದು ಮಿತಿ ಇದೆ. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದರೆ ಈ ಕಾವಲು ಕೆಲಸ ಮಾಡುವುದಿಲ್ಲ. ಟೈಪ್ ಮಾಡಿದ್ದನ್ನಷ್ಟೇ ತಡೆಯುತ್ತದೆ.

ಇನ್ನು ಸ್ಟಾಕ್ ಕಡಿಮೆ ಆದದ್ದು. ಇದು ಸುಲಭ ಅಂದುಕೊಂಡಿದ್ದೆ. D, E ಗಿಂತ ಕಡಿಮೆ ಅಥವಾ ಸಮ ಆದರೆ ಕಿತ್ತಳೆ ಬಣ್ಣ, =$D2<=$E2. ಪ್ಯಾಂಟೊಪ್ರಜೋಲ್ 40 ಅನ್ನೇ ತಗೊಳ್ಳಿ. ನಮ್ಮಲ್ಲಿ ವಾರಕ್ಕೆ ಹನ್ನೆರಡು ಸ್ಟ್ರಿಪ್‌ನಷ್ಟು ಹೋಗುತ್ತದೆ, ಆರ್ಡರ್ ಕೊಟ್ಟ ಮೇಲೆ ಬರಲು ಎರಡು ಮೂರು ದಿನ ಬೇಕು, ನಡುವೆ ರಜೆ ಬಂದರೆ ಇನ್ನೂ ತಡ. ಹಾಗಾಗಿ ಕನಿಷ್ಠ 20 ಇಟ್ಟಿದ್ದೆವು. ಅವತ್ತು ಮೂರು ಬ್ಯಾಚ್ ಇದ್ದವು. ಸೆಪ್ಟೆಂಬರ್ 2025ಕ್ಕೆ ಮುಗಿದದ್ದು 6 ಸ್ಟ್ರಿಪ್, ಡಿಸೆಂಬರ್ 2025ರದ್ದು 8, ಜೂನ್ 2027ರದ್ದು 10.

ಮೊದಲ ರೂಲ್ ಮೂರೂ ಸಾಲನ್ನು ಕಿತ್ತಳೆ ಮಾಡಿತು. ಆರು ಇಪ್ಪತ್ತಕ್ಕಿಂತ ಕಡಿಮೆ, ಎಂಟೂ ಕಡಿಮೆ, ಹತ್ತೂ ಕಡಿಮೆ. ಹೀಗೆ ನೋಡಿದರೆ ಹೊಸ ಬ್ಯಾಚ್ ಬಂದಷ್ಟೂ ಕಿತ್ತಳೆ ಸಾಲು ಹೆಚ್ಚುತ್ತದೆ. ನಾನು ಅದನ್ನು ನಂಬಿ ಒಂದೆರಡು ಔಷಧಿಗೆ ಬೇಡದ ಆರ್ಡರ್ ಕೊಟ್ಟೂ ಬಿಟ್ಟಿದ್ದೆ. ಆಮೇಲೆ SUMIFS ಬಳಸಿ ಒಂದೇ ಹೆಸರಿನ ಎಲ್ಲ ಬ್ಯಾಚ್ ಕೂಡಿಸಿದೆ. ಮೊತ್ತ 24, ಇಪ್ಪತ್ತಕ್ಕಿಂತ ಜಾಸ್ತಿ, ಕಿತ್ತಳೆ ಹೋಯಿತು. ಸರಿಯಾಯಿತು ಅಂತ ಖುಷಿಪಟ್ಟೆ.

ಕಾಕಾ ಕನ್ನಡಕ ಸರಿ ಮಾಡಿಕೊಂಡು ನೋಡಿ ಒಂದೇ ಮಾತು ಕೇಳಿದರು. "ಇಪ್ಪತ್ನಾಕ ಅಂತಿಯಲ್ಲವ್ವಾ, ಆ ಕೆಂಪಂದು ಆರು ಮಾರ್ತೀ ಏನು?"

ನಿಜ. ಮುಗಿದುಹೋದ ಆರು ಸ್ಟ್ರಿಪ್ ಸ್ಟಾಕ್ ಅಲ್ಲ. ಮಾರಲು ಇರುವುದು 18. ಅಂದರೆ ಆರ್ಡರ್ ಕೊಡಲೇಬೇಕು. ಕೊನೆಗೆ ನಿಂತ ರೂಲ್ ಇದು, D2 ಯಿಂದ D400 ಗೆ ಮಾತ್ರ:

```
=AND($A2<>"",SUMIFS($D$2:$D$400,$A$2:$A$400,$A2,$F$2:$F$400,">="&TODAY())<=$E2)
```

ಈ ಸಾಲಿನ ಔಷಧಿ ಹೆಸರೇ ಇರುವ ಸಾಲುಗಳಲ್ಲಿ, ಕೊನೆಯ ದಿನ ಇನ್ನೂ ದಾಟದವುಗಳ ಸ್ಟ್ರಿಪ್ ಮಾತ್ರ ಕೂಡಿಸು, ಅದು ಕನಿಷ್ಠದಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೆ ಬಣ್ಣ ಹಚ್ಚು. ಇದಕ್ಕೆ ಬಣ್ಣ ತುಂಬುವ ಬದಲು ದಪ್ಪ ನೀಲಿ ಅಕ್ಷರ ಆರಿಸಿದೆ. ತುಂಬಿದ ಬಣ್ಣವೂ ಅಕ್ಷರದ ಬಣ್ಣವೂ ಒಂದಕ್ಕೊಂದು ಅಡ್ಡ ಬರುವುದಿಲ್ಲ, ಎರಡೂ ಒಟ್ಟಿಗೆ ಕಾಣುತ್ತವೆ. ಹಳದಿ ಸೆಲ್‌ನಲ್ಲಿ ನೀಲಿ ಅಂಕಿ ಕಂಡರೆ ಎರಡು ಸುದ್ದಿ ಒಮ್ಮೆಗೇ ಸಿಗುತ್ತವೆ: ಈ ಬ್ಯಾಚ್ ಬೇಗ ಮುಗಿಯುತ್ತದೆ, ಒಟ್ಟು ಸರಕೂ ಸಾಲದು.

ಈ ರೂಲ್ ಹೆಸರನ್ನು ಅಕ್ಷರಕ್ಕಕ್ಷರ ನೋಡುತ್ತದೆ. ಒಂದು ಸಾಲಿನಲ್ಲಿ ಹೆಸರಿನ ಕೊನೆಗೆ ಒಂದು ಸ್ಪೇಸ್ ಜಾಸ್ತಿ ಇದ್ದರೂ ಅದು ಬೇರೆ ಔಷಧಿ. ಹಾಗಾಗಿ ಹೆಸರುಗಳ ಪಟ್ಟಿಯನ್ನು ಇನ್ನೊಂದು ಶೀಟ್‌ನಲ್ಲಿಟ್ಟು, A ಕಾಲಂನಲ್ಲಿ ಅದರಿಂದಲೇ ಆರಿಸುವ ಹಾಗೆ ಮಾಡಿದೆ. ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಒಂದು ಔಷಧಿ ಪೂರ್ತಿ ಖಾಲಿಯಾದಾಗ ಹುಡುಗ ಆ ಸಾಲನ್ನೇ ಡಿಲೀಟ್ ಮಾಡುತ್ತಿದ್ದ. ಸಾಲೇ ಇಲ್ಲದಿದ್ದರೆ ಬಣ್ಣ ಎಲ್ಲಿ ಬೀಳಬೇಕು? ಒಆರ್‌ಎಸ್ ಪ್ಯಾಕೆಟ್ ಹೀಗೇ ಎರಡು ದಿನ ನಮ್ಮಲ್ಲಿ ಇರಲಿಲ್ಲ, ಶೀಟ್ ಏನೂ ಹೇಳಲಿಲ್ಲ. ಈಗ ಕೊನೆಯ ಸಾಲನ್ನು ಅಳಿಸುವುದಿಲ್ಲ, D ಯಲ್ಲಿ 0 ಬರೆದು ಬಿಡುತ್ತೇವೆ.

ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಶೀಟ್ ತೆರೆದರೆ ಒಂದೂ ಕೆಂಪಿಲ್ಲ, ಒಂದೂ ಹಳದಿಯಿಲ್ಲ. ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು. ಪರದೆಯ ಮೂಲೆಯಲ್ಲಿ ತಾರೀಖು ನೋಡಿದರೆ ಎಷ್ಟೋ ವರ್ಷ ಹಿಂದಿನದು. ಕಂಪ್ಯೂಟರ್ ಒಳಗೆ ಗಡಿಯಾರಕ್ಕಂತ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, CR2032 ಅಂತ. ಅದು ಸತ್ತಿತ್ತು. ಆ ಕಂಪ್ಯೂಟರ್‌ಗೆ ಇಂಟರ್ನೆಟ್ ಇಲ್ಲ, ಹಾಗಾಗಿ ತಾರೀಖು ತಾನೇ ಸರಿಹೋಗಲಿಲ್ಲ. TODAY() ಗೆ ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯ. ಬ್ಯಾಟರಿ ಬದಲಿಸಿದೆವು. ಜೊತೆಗೆ H1 ಸೆಲ್‌ನಲ್ಲಿ =TODAY() ಹಾಕಿ, ದೊಡ್ಡ ಅಕ್ಷರದಲ್ಲಿ ಕಾಣುವ ಹಾಗೆ ಮಾಡಿದೆ. ಬೆಳಿಗ್ಗೆ ಶೀಟ್ ತೆರೆದವರು ಮೊದಲು ಆ ತಾರೀಖನ್ನು ಗೋಡೆಯ ಕ್ಯಾಲೆಂಡರ್ ಜೊತೆ ನೋಡಿಕೊಳ್ಳಬೇಕು.

ಈಗ ದಿನಾ ಕೆಲಸ ಹೀಗೆ. ತಲೆಸಾಲಿನಲ್ಲಿ Filter ಹಾಕಿದ್ದೇವೆ. F ಕಾಲಂನ ಬಾಣ ಒತ್ತಿ Filter by Color ನಲ್ಲಿ ಕೆಂಪು ಆರಿಸಿದರೆ ಮುಗಿದವು ಮಾತ್ರ ಉಳಿಯುತ್ತವೆ. ಹುಡುಗ ಆ ಪಟ್ಟಿ ಹಿಡಿದು ರ‍್ಯಾಕ್‌ನಿಂದ ತೆಗೆದು, ಹಿಂದಿನ ಕೋಣೆಯ ಡಬ್ಬಿಗೆ ಹಾಕುತ್ತಾನೆ. ಡಬ್ಬಿ ಮೇಲೆ Not for Sale ಅಂತ ದೊಡ್ಡದಾಗಿ ಬರೆದಿದೆ. ವಾಪಸ್ ಹೋಗುವ ತನಕ ಮುಗಿದ ಸರಕನ್ನು ಮಾರುವ ಸರಕಿನಿಂದ ಬೇರೆ ಇಡಬೇಕು, ಪೆಟ್ಟಿಗೆಯ ಮೇಲೆ ಆ ಮಾತು ಕಾಣಬೇಕು ಅನ್ನುವುದು ಕಾನೂನೇ. ಆಮೇಲೆ ಹಳದಿ ಆರಿಸಿ, ಸ್ಟಾಕಿಸ್ಟ್‌ಗೆ ಕಳಿಸುವ ಪಟ್ಟಿ ಪ್ರಿಂಟ್ ತೆಗೆಯುತ್ತೇನೆ. ಹಳದಿ ಬ್ಯಾಚ್‌ಗಳನ್ನು ರ‍್ಯಾಕ್‌ನಲ್ಲಿ ಮುಂದಕ್ಕೆ ತಂದಿಡುತ್ತೇವೆ, ಮೊದಲು ಅವೇ ಹೋಗಲಿ ಅಂತ.

ಆ ಮುಂದಕ್ಕೆ ತರುವ ಕೆಲಸದಲ್ಲೇ ಈಗ ಒಂದು ತೊಡಕು ಎದುರಾಗಿದೆ. ಹಳ್ಳಿಯಿಂದ ಬರುವ ಬಿಪಿ, ಶುಗರ್ ರೋಗಿಗಳು ಬಸ್ ಚಾರ್ಜ್ ಉಳಿಯಲಿ ಅಂತ ಎರಡು ಮೂರು ತಿಂಗಳ ಮಾತ್ರೆ ಒಮ್ಮೆಗೇ ಒಯ್ಯುತ್ತಾರೆ. 60 ದಿನ ಉಳಿದಿರುವ ಸ್ಟ್ರಿಪ್ ಕೊಟ್ಟರೆ ಕೊನೆಯ ಮಾತ್ರೆಗಳನ್ನು ಅವರು ಮುಗಿದ ಮೇಲೆ ನುಂಗಬೇಕಾಗುತ್ತದೆ. ಅವರ ಔಷಧಿಗಳು 180 ದಿನ ಮುಂಚೆಯೇ ಹಳದಿ ಆಗಬೇಕು. ನೆಗಡಿ ಮಾತ್ರೆಗೆ 90 ಸಾಕು. ಎಲ್ಲಕ್ಕೂ I1 ಒಂದೇ ಆದರೆ ಇದು ಆಗುವುದಿಲ್ಲ. ಹಾಗಾಗಿ G ಕಾಲಂ ಒಂದನ್ನು ಸೇರಿಸಿ, ಔಷಧಿಗೊಂದು ದಿನದ ಲೆಕ್ಕ ಬರೆದು, ಹಳದಿ ರೂಲ್‌ನಲ್ಲಿ $I$1 ಬದಲು $G2 ಹಾಕುತ್ತಿದ್ದೇನೆ. ಯಾವ ಔಷಧಿಗೆ ಎಷ್ಟು ದಿನ ಅಂತ ಹೇಳುವವರು ಕಾಕಾ. ಯಾರು ಎಷ್ಟು ತಿಂಗಳದ್ದು ಒಯ್ಯುತ್ತಾರೆ ಅಂತ ಅವರಿಗೇ ಗೊತ್ತು. ಹಳೇ ರಿಜಿಸ್ಟರ್‌ನ ಹಿಂದಿನ ಖಾಲಿ ಹಾಳೆಯಲ್ಲಿ ದಿನಕ್ಕೆ ಹತ್ತು ಹೆಸರು ಬರೆದು ಕೊಡುತ್ತಿದ್ದಾರೆ. ಇವತ್ತಿಗೆ ಎಪ್ಪತ್ತು ಆಗಿವೆ.